ಭಾವನ ಎಲೆಗೆ ಅರವತ್ತು ಗ್ರಾಂ ಪಾಯಸ

ಬೆಲ್ಲ ಅಳತೆ ಮೀರಿ ಬೀಳಬಹುದಿತ್ತು. ಗೋಡಂಬಿ ಹುರಿಯುವಾಗ ಅಕ್ಕನ ಕೈಯಲ್ಲಿ ತುಪ್ಪದ ಡಬ್ಬಿಯೇ ಬಗ್ಗಬಹುದಿತ್ತು. ನನ್ನ ಪುಟ್ಟ ತಕ್ಕಡಿಯ ಸೆಲ್ ಸಾಯಬಹುದಿತ್ತು. ಬೇಳೆಯೆಲ್ಲ ತಳಕ್ಕಿಳಿದು, ಮೊದಲು ಬಡಿಸಿದವರಿಗೆ ಬೆಲ್ಲದ ನೀರು, ಕೊನೆಯವರಿಗೆ ಗಟ್ಟಿ ಮುದ್ದೆ ಸಿಗಬಹುದಿತ್ತು. ಭಾವ ಪಕ್ಕದ ಎಲೆಯವರ ಜೊತೆ ಒಳ ಒಪ್ಪಂದ ಮಾಡಿಕೊಳ್ಳಬಹುದಿತ್ತು. ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ದೇವನಹಳ್ಳಿಯಿಂದ ತೂಬಗೆರೆಗೆ ಹೊರಟವನು ಬಸ್ಸು ಇಳಿಯುವಷ್ಟರಲ್ಲಿ ಇಂಥ ಹದಿನಾಲ್ಕು ಅನಾಹುತಗಳನ್ನು ಬರೆದುಕೊಂಡಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಮಕ್ಕಳಿಗೆ ಲೆಕ್ಕ ಕೊಟ್ಟರೆ ಉತ್ತರ ಹುಡುಕುತ್ತಾರೆ, ನನಗೆ ಕೊಟ್ಟರೆ ತಪ್ಪಾಗುವ ದಾರಿಗಳನ್ನು ಹುಡುಕುತ್ತೇನೆ.

ವಿಷಯ ಭಾವನ ಮಂಡಿಯದು. ಆಪರೇಷನ್ನಿಗೆ ಮುಂಚೆ ಆರು ಕೆಜಿ ಇಳಿಸಬೇಕೆಂದು ಡಾಕ್ಟರು ಹೇಳಿದ್ದರು. ಯುಗಾದಿಯಲ್ಲಿ ಅಕ್ಕ ಎಲ್ಲರ ಎಲೆಗೂ ಹೋಳಿಗೆ ಹಾಕಿ ಭಾವನ ಎಲೆಗೆ ಮಾತ್ರ ಸೌತೆಕಾಯಿ ಹೋಳು ಇಟ್ಟಿದ್ದಳು. ಅವರು ಎಲೆ ಎತ್ತಿಕೊಂಡು ಹಿತ್ತಲ ಜಗಲಿಗೆ ಹೋಗಿ ಒಬ್ಬರೇ ಉಂಡರು. ಅದನ್ನು ಅಕ್ಕನೂ ಮರೆತಿರಲಿಲ್ಲ, ನಾವೂ ಮರೆತಿರಲಿಲ್ಲ. ಅಲ್ಲಿಂದೀಚೆಗೆ ನಾಲ್ಕು ಕೆಜಿ ಇಳಿಸಿದ್ದರು. ಇನ್ನು ಹಬ್ಬದ ಪಂಕ್ತಿಯಲ್ಲಿ ಕೂರುವುದಿದ್ದರೆ ಎಲೆಯ ಮೇಲೆ ಸಿಹಿ ಇರಬೇಕು, ಇಲ್ಲವಾದರೆ ಕರೆಯಲೇಬೇಡಿ ಎಂದುಬಿಟ್ಟಿದ್ದರು.

ದೊಡ್ಡಬಳ್ಳಾಪುರದಲ್ಲಿ ಅವರಿಗೆ ಆಹಾರದ ಪಟ್ಟಿ ಬರೆದುಕೊಟ್ಟ ಡಯಟಿಷಿಯನ್ ಹುಡುಗಿ ಒಂದು ದಾರಿ ತೋರಿಸಿದ್ದಳು. ಹಬ್ಬದ ಊಟದಲ್ಲಿ ನೂರಿಪ್ಪತ್ತು ಕ್ಯಾಲೊರಿಯಷ್ಟು ಪಾಯಸ ತಿನ್ನಬಹುದು, ಆ ಊಟದಲ್ಲಿ ಒಂದು ಸಣ್ಣ ಬಟ್ಟಲು ಅನ್ನ ಬಿಡಬೇಕು. ಆದರೆ ಅಕ್ಕನ ಪಾಯಸದಲ್ಲಿ ನೂರಿಪ್ಪತ್ತು ಕ್ಯಾಲೊರಿ ಎಂದರೆ ಎಷ್ಟು?

"ನೀನೇ ಲೆಕ್ಕ ಹಾಕು," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. "ಸರಿಯಾಗಿ ಬಂದ್ರೆ ದೀಪಾವಳಿಗೂ ಕೊಡ್ತೀನಿ. ಹೆಚ್ಚುಕಮ್ಮಿ ಆಯ್ತೋ, ಆಪರೇಷನ್ ಆಗೋಗಂಟ ಈ ಮನೇಲಿ ಬೆಲ್ಲದ ಡಬ್ಬಿ ಮುಚ್ಚಳ ತೆಗೆಯಲ್ಲ."

ಹಾಗಾಗಿ ಬಾಗಿನದ ಮೊರದ ಜೊತೆಗೆ ಒಂದು ಅಡುಗೆ ತಕ್ಕಡಿಯನ್ನೂ ಹಿಡಿದು ಹೋಗಿದ್ದೆ.

"ಏನ್ ಮೇಷ್ಟ್ರೇ, ಅಕ್ಕಂಗೆ ಬಾಗಿನ, ನನಗೆ ತಕ್ಕಡೀನಾ?" ಎಂದು ಭಾವ ಬಾಗಿಲಲ್ಲೇ ಸ್ವಾಗತಿಸಿದರು.

ಹಬ್ಬದ ದಿನ ಬೆಳಿಗ್ಗೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಹೆಸರುಬೇಳೆ ಅರ್ಧ ಕೆಜಿ. ಬೆಲ್ಲವನ್ನು ಅಕ್ಕ ಕಣ್ಣಳತೆಯಲ್ಲಿ ಹಾಕುವವಳು. ಹಾಗಾಗಿ ಹಾಕುವ ಮುಂಚೆ ಡಬ್ಬಿ ತೂಗಿ, ಹಾಕಿದ ಮೇಲೆ ಮತ್ತೆ ತೂಗಿದೆ. ಕಡಿಮೆಯಾದದ್ದು ಮುಕ್ಕಾಲು ಕೆಜಿ. ರುಬ್ಬಿದ ತೆಂಗಿನಕಾಯಿ ನಾನೂರು ಗ್ರಾಂ, ತುಪ್ಪ ಐವತ್ತು, ಗೋಡಂಬಿ ಐವತ್ತು, ದ್ರಾಕ್ಷಿ ಮೂವತ್ತು.

"ಏಲಕ್ಕಿ ತೂಗಲ್ವೇನೋ?" ಎಂದಳು ಅಕ್ಕ.

"ಅದು ಲೆಕ್ಕಕ್ಕೆ ಬರಲ್ಲ ಅಕ್ಕ."

"ಪಾಪ, ಘಮ ಅನ್ನೋದು ಅದೇ."

ಡಯಟಿಷಿಯನ್ ಕೊಟ್ಟ ಪಟ್ಟಿಯ ಪ್ರಕಾರ ಬೇಳೆಗೆ ಸಾವಿರದ ಏಳುನೂರು ಕ್ಯಾಲೊರಿ, ಬೆಲ್ಲಕ್ಕೆ ಎರಡು ಸಾವಿರದ ಎಂಟುನೂರೈವತ್ತು, ಕಾಯಿಗೆ ಸಾವಿರದ ನಾನೂರು, ತುಪ್ಪಕ್ಕೆ ನಾನೂರೈವತ್ತು, ಗೋಡಂಬಿ ದ್ರಾಕ್ಷಿ ಎರಡಕ್ಕೂ ಸೇರಿ ಮುನ್ನೂರೆಂಬತ್ತು. ಒಟ್ಟು ಆರು ಸಾವಿರದ ಏಳುನೂರೆಂಬತ್ತು. ಇದನ್ನು ಗಟ್ಟಿಯಾಗಿ ಓದಿದಾಗ ಭಾವ ಬಾಗಿಲಿಂದಲೇ ಕೈಮುಗಿದರು.

ನೀರಿಗೆ ಕ್ಯಾಲೊರಿ ಇಲ್ಲ. ಆದರೆ ತೂಕವಿದೆ, ಕುದಿಯುವಾಗ ಆವಿಯಾಗುತ್ತಲೂ ಇರುತ್ತದೆ. ಆದ್ದರಿಂದ ಪಾಯಸವನ್ನು ಪೂರ್ತಿ ಆದ ಮೇಲೆಯೇ ತೂಗಬೇಕು. ಒಲೆಯಿಂದಿಳಿದ ಹಿತ್ತಾಳೆ ತಪ್ಪಲೆಯನ್ನು, ಭಾವ ತೋಟದ ಹುರುಳಿಕಾಯಿ ತೂಗಲು ಇಟ್ಟುಕೊಂಡಿದ್ದ ದೊಡ್ಡ ತಕ್ಕಡಿಗೆ ಹೊತ್ತೆವು. ಬಿಸಿ ತಾಗದಂತೆ ಗೋಣಿಚೀಲ ಮಡಿಸಿ ಹಾಕಿ, ಅದರ ತೂಕ ಸೇರಬಾರದೆಂದು ಜಾಣನಂತೆ ಸೊನ್ನೆ ಒತ್ತಿದೆ. ಐದು ಕೆಜಿ ಏಳುನೂರೈವತ್ತು ಎಂದು ಬಂತು.

ಆಗ ಹೊಳೆಯಿತು. ಗೋಣಿಚೀಲದ ತೂಕ ಕಳೆದವನು ಖಾಲಿ ತಪ್ಪಲೆಯನ್ನು ಬೆಳಿಗ್ಗೆ ತೂಗಿಯೇ ಇರಲಿಲ್ಲ. ಹದಿನಾಲ್ಕು ಅನಾಹುತಗಳ ಪಟ್ಟಿಯಲ್ಲಿ ಇದು ಇರಲೂ ಇಲ್ಲ.

"ಅಷ್ಟಕ್ಕೆ ಮುಖ ಯಾಕೆ ಹಂಗೆ ಮಾಡ್ಕೊಂಡೆ?" ಎಂದಳು ಅಕ್ಕ. "ಎರಡು ಕೆಜಿ ಮುನ್ನೂರೈವತ್ತು. ನನ್ನ ಮದುವೆಗೆ ಅವ್ವ ತೂಕದ ಲೆಕ್ಕದಲ್ಲಿ ಕೊಂಡಿದ್ದು. ಅಂಗಡಿಯವನು ಎರಡೂವರೆ ಅಂದಿದ್ದಕ್ಕೆ ಮತ್ತೆ ತೂಗಿಸಿ ಜಗಳ ಆಡಿದ್ಲು. ಮರೆಯೋಕಾಗ್ತದಾ?"

ಅವ್ವನ ಜಗಳವನ್ನು ನಂಬಿ ಕಳೆದೆ. ಪಾಯಸ ಮೂರು ಕೆಜಿ ನಾನೂರು ಗ್ರಾಂ. ಆರು ಸಾವಿರದ ಏಳುನೂರೆಂಬತ್ತನ್ನು ಅದಕ್ಕೆ ಹಂಚಿದರೆ ನೂರು ಗ್ರಾಂಗೆ ಹತ್ತಿರ ಹತ್ತಿರ ಇನ್ನೂರು ಕ್ಯಾಲೊರಿ. ನೂರಿಪ್ಪತ್ತಕ್ಕೆ ಅರವತ್ತು ಗ್ರಾಂ. ಸಣ್ಣ ಸೌಟಿನಲ್ಲಿ ತೂಗಿ ನೋಡಿದೆ, ಸಮಕ್ಕೆ ತುಂಬಿದರೆ ಮೂವತ್ತು ಗ್ರಾಂ. ಭಾವನಿಗೆ ಎರಡು ಸೌಟು.

"ಎರಡಾ?" ಎಂದರು ಭಾವ. "ದೇವರ ತೀರ್ಥನೇ ಮೂರು ಸಲ ಕೊಡ್ತಾರಲ್ಲಯ್ಯ."

ಪಂಕ್ತಿ ಕೂತಿತು. ಭಾವ ಮಂಡಿ ನೋವಿಗೆ ಕುರ್ಚಿ ಹಾಕಿಸಿಕೊಂಡು, ಮುಂದೆ ಟೇಬಲ್ಲಿಟ್ಟು, ಸಾಲಿನ ತುದಿಯಲ್ಲೇ ಕೂತರು. ಪಾಯಸದ ತಪ್ಪಲೆಯನ್ನು ಎಲೆ ಹಾಕಿದಾಗಿನಿಂದ ನಾನು ಬೇರೆಯವರ ಕೈಗೆ ಕೊಡಲಿಲ್ಲ. ಊಟದ ಕೊನೆಗೆ ಅವರ ಮುಂದೆ ನಿಂತು, ತಳದಿಂದ ಚೆನ್ನಾಗಿ ಕಲಕಿ, ಸೌಟಿನ ಅಂಚಿಗೆ ಅಂಟಿದ್ದನ್ನು ತಪ್ಪಲೆಗೇ ಒರೆಸಿ, ಒಂದು ಸೌಟು, ಎರಡು ಸೌಟು ಹಾಕಿದೆ. ಸಾಲಿನವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಭಾವ ಒಂದೊಂದೇ ಬೆರಳಲ್ಲಿ ತೆಗೆದು, ಕಣ್ಣು ಮುಚ್ಚಿ, ಎಲೆ ತೊಳೆದಂತೆ ಆಗುವವರೆಗೆ ತಿಂದರು. ಮತ್ತೆ ಕೇಳಲಿಲ್ಲ. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬರೀ ಬೆವರಿಗೆ ಅಷ್ಟು ಹೊತ್ತು ಒರೆಸಿಕೊಳ್ಳುವವಳಲ್ಲ ಅವಳು.

ಊಟವಾದ ಮೇಲೆ ತಪ್ಪಲೆ ತೊಳೆಸಿ ತೂಗಿದೆ. ಎರಡು ಕೆಜಿ ಮುನ್ನೂರ ನಲವತ್ತೈದು. ಮೂವತ್ತು ವರ್ಷದ ಹುಣಸೆಹಣ್ಣಿನ ತಿಕ್ಕಾಟದಲ್ಲಿ ಐದು ಗ್ರಾಂ ಸವೆದಿದ್ದರೆ ನನ್ನ ತಕರಾರಿಲ್ಲ. ಹದಿನಾಲ್ಕು ಅನಾಹುತಗಳನ್ನೂ ಒಂದೊಂದಾಗಿ ಹೊಡೆದುಹಾಕಿದೆ. ಜೀವನದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಜಗಲಿಯಲ್ಲಿ ಕಾಲು ಚಾಚಿದೆ.

ಭಾವ ಪಕ್ಕದ ಕುರ್ಚಿಯಲ್ಲಿ ಎಲೆ ಅಡಿಕೆ ಮಡಿಸುತ್ತ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಆ ಮೊದಲ್ನೇ ಚಮಚ ನಿನ್ನ ಲೆಕ್ಕದಲ್ಲಿ ಬಂದಿತ್ತಾ?"

"ಯಾವ ಚಮಚ?"

"ಎಲೆ ಹಾಕಿದ ತಕ್ಷಣ ಬಲತುದಿಗೆ ಬಡಿಸ್ತಾರಲ್ಲ, ಅದು. ನೀನೇ ಬಡಿಸ್ದೆ. ಎಲ್ಲರ ಎಲೆಗೂ ಬಡಿಸ್ಕೊಂಡು ಬಂದೆ, ನಂದಕ್ಕೂ ಹಾಕ್ದೆ. ನಾನ್ಯಾಕೆ ಬೇಡ ಅನ್ಲಿ?"

ಅನ್ನಕ್ಕಿಂತ ಮುಂಚೆ ಎಲೆಯ ತುದಿಗೆ ಒಂದು ಚಮಚ ಸಿಹಿ ಬೀಳಬೇಕು. ಚಿಕ್ಕಂದಿನಿಂದ ಬಡಿಸಿ ಬಡಿಸಿ ಕೈಗೆ ರೂಢಿಯಾದದ್ದು. ಅದು ಊಟವೆಂದು ನನಗೆ ಅನಿಸಿಯೇ ಇರಲಿಲ್ಲ. ಒಂದು ಚಮಚ ಎಂದರೆ ಹತ್ತು ಗ್ರಾಂ, ಇಪ್ಪತ್ತು ಕ್ಯಾಲೊರಿ. ಒಟ್ಟು ನೂರ ನಲವತ್ತು.

"ಅಕ್ಕಂಗೆ ಹೇಳ್ಬೇಡಿ ಭಾವ," ಎಂದೆ.

"ಏನು ಹೇಳ್ಬಾರ್ದು?" ಎಂದಳು ಹಿಂದೆ ಕಾಫಿ ಹಿಡಿದು ನಿಂತಿದ್ದ ಅಕ್ಕ.

ಹೇಳಿದೆ. ಅಕ್ಕ ಗಂಡನ ಮುಖ ನೋಡಿದಳು, ನನ್ನ ನೋಟ್‌ಬುಕ್ ನೋಡಿದಳು. "ಇಪ್ಪತ್ತು ಅಂದ್ರೆ ಎಷ್ಟು ಸಕ್ಕರೆ?"

"ಒಂದು ಚಮಚ."

ಭಾವನಿಗೆಂದು ತಂದಿದ್ದ, ದಿನಕ್ಕೆ ಒಂದೇ ಒಂದು ಚಮಚ ಸಕ್ಕರೆಯ ಕಾಫಿಯನ್ನು ನನ್ನ ಕೈಗಿಟ್ಟು, ಸಪ್ಪೆ ಕಾಫಿ ತರಲು ಒಳಗೆ ಹೋದಳು. ಹೋಗುತ್ತಾ ಬಾಗಿಲಲ್ಲಿ ತಿರುಗಿ, "ದೀಪಾವಳಿಗೂ ಪಾಯಸ ಮಾಡ್ತೀನಿ. ನೀನು ಬಂದು ತೂಗು. ಸೌಟು ಮಾತ್ರ ಮುಟ್ಬೇಡ," ಎಂದಳು.