ಇಪ್ಪತ್ತು ಹಿಂಡುಗಳಲ್ಲಿ ಮೂವತ್ತು

ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ಮೈಸೂರಿನಿಂದ ಬಂದ ನಾನು ಯಾದಗಿರಿಯ ಹೊಸ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿನ ಮಾತು ಕೇಳಿದರೆ ನನಗೆ ನಗು ಬರುತ್ತಿತ್ತು, ಅದನ್ನು ಮರೆಮಾಚುತ್ತಲೂ ಇರಲಿಲ್ಲ.

ಎರಡನೆಯ ವರ್ಷದವರಿಗೆ ಒಂದು ಕಿರುಪರೀಕ್ಷೆ ಇಟ್ಟೆ. ಉತ್ತರಗಳನ್ನು ಮೊದಲೇ ಬಿಡಿಸಿ ಕಲ್ಲಚ್ಚು ಮಾಡಿಸಿದ್ದೆ. ಪ್ರಶ್ನೆ ಹೀಗಿತ್ತು: ಕುರಿಹಿಂಡುಗಳನ್ನು ಮೂರು ಸ್ತರಗಳಾಗಿ ವಿಂಗಡಿಸಿದೆ. ಯಾದಗಿರಿಯಲ್ಲಿ ನೂರು ಹಿಂಡು, ಶಹಾಪುರದಲ್ಲಿ ಅರವತ್ತು, ಸುರಪುರದಲ್ಲಿ ಇಪ್ಪತ್ತು ದೊಡ್ಡ ಹಿಂಡು. ಹಿಂಡಿನ ಕುರಿಸಂಖ್ಯೆಯ ಮಾನಕ ವಿಚಲನೆ, ಅಂದರೆ ಹಿಂಡಿನಿಂದ ಹಿಂಡಿಗೆ ಇರುವ ಏರುಪೇರು, ಕ್ರಮವಾಗಿ ಎರಡು, ಐದು, ಐವತ್ತು. ಒಟ್ಟು ನಲವತ್ತೈದು ಹಿಂಡುಗಳ ಮಾದರಿಯನ್ನು ಅತ್ಯುತ್ತಮವಾಗಿ ಹಂಚಿ.

ದೊಡ್ಡದಾದ, ಏರುಪೇರು ಹೆಚ್ಚಿರುವ ಸ್ತರದಿಂದ ಹೆಚ್ಚು ಹಿಂಡು ಆರಿಸಬೇಕೆಂಬುದು ಸೂತ್ರ. ಸ್ತರದ ಗಾತ್ರವನ್ನು ವಿಚಲನೆಯಿಂದ ಗುಣಿಸಿದರೆ ಇನ್ನೂರು, ಮುನ್ನೂರು, ಸಾವಿರ. ಆ ಪ್ರಮಾಣದಲ್ಲಿ ಹಂಚಿದರೆ ಆರು, ಒಂಬತ್ತು, ಮೂವತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಅದೇ.

ಸುರಪುರದ ಕಡೆಯ ಕುರುಬರ ಮನೆಯ ವಿದ್ಯಾರ್ಥಿಯೊಬ್ಬ ಮಾತ್ರ ಹತ್ತು, ಹದಿನೈದು, ಇಪ್ಪತ್ತು ಎಂದು ಬರೆದಿದ್ದ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಆಮೇಲೆ ಕನ್ನಡಕ್ಕೆ, ಈಗ ಇಂಗ್ಲಿಷಿಗೆ ಬಂದವನು. ವಯಸ್ಸು ಹೆಚ್ಚುಕಡಿಮೆ ನನ್ನದೇ. ಸೊನ್ನೆ ಕೊಟ್ಟು ಅವನನ್ನು ಎದ್ದು ನಿಲ್ಲಿಸಿದೆ.

"ಸೂತ್ರ ಓದೋಕೆ ಬರಲ್ವೇನಯ್ಯಾ?"

"ಬರ್ತದರಿ ಸರ್. ಆದ್ರ ಸುರಪುರದಾಗ ಇರೋದ ಇಪ್ಪತ್ತು ಹಿಂಡ. ಮೂವತ್ತು ಎಲ್ಲಿಂದ ತರಬೇಕ್ರಿ? ಅದಕ್ಕ ಅಲ್ಲಿ ಅಷ್ಟೂ ತಗೊಂಡೀನ್ರಿ. ಉಳಿದ ಇಪ್ಪತ್ತೈದನ್ನ ಇನ್ನೂರಕ್ಕ ಮುನ್ನೂರರ ಲೆಕ್ಕದಾಗ ಆ ಎರಡಕ್ಕ ಹಂಚೀನ್ರಿ."

ಅವನು ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ತಿಳಿಯಿತು. ಸ್ತರದಲ್ಲಿ ಇರುವುದಕ್ಕಿಂತ ಹೆಚ್ಚು ಬಂದರೆ ಅದನ್ನು ಪೂರ್ತಿ ತೆಗೆದುಕೊಂಡು ಉಳಿದದ್ದನ್ನು ಮತ್ತೆ ಹಂಚಬೇಕು. ಓದಿದ್ದೆ, ಬರೆಯುವಾಗ ಹೊಳೆದಿರಲಿಲ್ಲ. ನಲವತ್ತು ಜೋಡಿ ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಕಡಿಮೆ ಬಿದ್ದ ಹತ್ತನ್ನ ನಿಮ್ಮಪ್ಪನ ಹಟ್ಟಿಯಿಂದ ಹೊಡ್ಕೊಂಡು ಬಾ," ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. ಅವನು ನಗು ನಿಲ್ಲುವವರೆಗೂ ನಿಂತೇ ಇದ್ದ. ಆಮೇಲೆ, "ತಪ್ಪು ಎಲ್ಲೈತಿ ತೋರಸ್ರಿ ಸರ್, ತಿದ್ಕೊಂತೀನಿ," ಎಂದ. ನಾನು ನನ್ನ ಉತ್ತರದ ಹಾಳೆಯನ್ನು ಅವನ ಮೇಜಿನ ಮೇಲೆ ಎಸೆದು, ಹತ್ತು ಸಲ ಬರೆದು ತರಲು ಹೇಳಿದೆ.

ಮರುದಿನ ತಂದ. ಮೂವತ್ತು ಎಂಬುದನ್ನು ಹತ್ತು ಸಲವೂ ದುಂಡಗೆ ಬರೆದಿದ್ದ. ಅದಾದ ಮೇಲೆ ತರಗತಿಯಲ್ಲಿ ಅವನು ಬಾಯಿ ತೆರೆಯಲಿಲ್ಲ. ಸೊನ್ನೆಯಿಂದಾಗಿ ಆಂತರಿಕ ಅಂಕ ಸಾಲದೆ ವಾರ್ಷಿಕ ಪರೀಕ್ಷೆಗೆ ಅವನ ಹೆಸರು ಹೋಗಲಿಲ್ಲ. ಪಟ್ಟಿಗೆ ಸಹಿ ಹಾಕಿದವನು ನಾನೇ. ಅಂಕ ತಿದ್ದಲು ನನಗೆ ಒಂದು ವಾರದ ಕಾಲಾವಕಾಶವೂ ಇತ್ತು.

ಕಾಲೇಜು ಬಿಟ್ಟು ವರ್ಗಾವಣೆ ಪತ್ರಕ್ಕೆ ಬಂದಾಗ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ: "ಸರ್, ಆ ಲೆಕ್ಕ ನಂದ ಖರೇ ಇತ್ತಲ್ರಿ?"

"ಯಾವ ಲೆಕ್ಕ?" ಎಂದೆ.

ಅವನು ಕೈಮುಗಿದು ಹೋದ.

ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಹತ್ತು, ಹದಿನೈದು, ಇಪ್ಪತ್ತು ಎಂಬ ಉತ್ತರದೊಂದಿಗೆ ಅಚ್ಚು ಹಾಕಿಸಿದೆ. ವಿಭಾಗದ ಮುಖ್ಯಸ್ಥರು ಓದಿ, "ಇದನ್ನ ಭಾಳ ಮಂದಿ ಗಮನಿಸಂಗಿಲ್ರಿ, ಶಾಬಾಸ್," ಎಂದು ಬೆನ್ನು ತಟ್ಟಿದರು. ನಾನು ಸುಮ್ಮನೆ ತಟ್ಟಿಸಿಕೊಂಡೆ.