ಬುಧ ವಕ್ರವಿದ್ದ ಇಪ್ಪತ್ತನಾಲ್ಕು ದಿನ

2025ರ ಜುಲೈ 20, ಭಾನುವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ. ಯಳಂದೂರು ಕಡೆಯಿಂದ ಬಂದ ಬಸ್ಸಿನಿಂದ ಕೊಳ್ಳೇಗಾಲದ ನಿಲ್ದಾಣದಲ್ಲಿ ಅಕ್ಕ ಇಳಿದಳು. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಸೆರಗು ಬಿಚ್ಚಿ ನೋಡಿದೆ. ಮಣಿಕಟ್ಟು ಊದಿ, ಕೈ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ನೆತ್ತಿಯ ಹತ್ತಿರ ಒಂದು ರೂಪಾಯಿ ನಾಣ್ಯದಗಲ ಕೂದಲು ಕಿತ್ತು ಬಂದಿತ್ತು.

"ಕಾಲಲ್ಲಿ ತುಳುದ್ರು" ಅಂದಳು. "ಮೊದ್ಲು ತೆಂಗಿನ ಮಟ್ಟೇಲಿ ಒಡುದ್ರು. ಅದು ಮುರ್ದೋಯ್ತು."

ಭಾವ ಗೂಡ್ಸ್ ಆಟೊ ಓಡಿಸುತ್ತಾರೆ. ಅವತ್ತು ಬಾಡಿಗೆಯ ಪಾರ್ಟಿಗೆ ಫೋನ್ ಸಿಗದೆ ಬಾಡಿಗೆ ತಪ್ಪಿತಂತೆ. ಚಾರ್ಜಿಗೆ ಹಾಕುವಾಗ ಅಕ್ಕನೇ ಫೋನ್ ಕೆಡಿಸಿದಳು ಎಂದು ಶುರುವಾದದ್ದು ಮೂಳೆ ಮುರಿಯುವವರೆಗೆ ಹೋಯಿತು. ಆಸ್ಪತ್ರೆಯಲ್ಲಿ ಎರಡು ಮೂಳೆ ಎಂದರು. ಸಂಜೆ 5ಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಮಧುವನಹಳ್ಳಿಯ ನಮ್ಮ ಮನೆಗೆ ಬಂದೆವು.

ನಾನು ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಮಳೆ ಬಂದ ದಿನ, ಹಸು ಕರು ಹಾಕಿದ ದಿನ, ಬಸ್ ತಪ್ಪಿದ ದಿನ. 2023ರ ಜೂನ್‌ನಲ್ಲಿ ಅಕ್ಕನ ಮದುವೆಯಾಯಿತು. ಆಮೇಲಿನ ಪುಟಗಳ ಹಿಂದೆ ಕೆಂಪು ಶಾಯಿಯಲ್ಲಿ ಇನ್ನೊಂದು ಪಟ್ಟಿ ಸೇರಿತು. ಅಕ್ಕ ಫೋನಿನಲ್ಲಿ ಹೇಳಿದ್ದು, ಹಬ್ಬಕ್ಕೆ ಬಂದಾಗ ಬೆನ್ನಿನ ಮೇಲೆ ನಾನೇ ನೋಡಿದ್ದು. ಆ ಭಾನುವಾರ ಬರೆದದ್ದು ಇಪ್ಪತ್ತೆರಡನೆಯದು.

ಎರಡು ದಿನ ಬಿಟ್ಟು ಸೋದರಮಾವ ಬಂದ. ಈ ಸಂಬಂಧ ತಂದವನು ಅವನೇ. ಜಗಲಿಯ ಮೇಲೆ ಕೂತು ಅಪ್ಪನಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಕೋಟು ಹಾಕಿದ ಒಬ್ಬ ಮನುಷ್ಯ ಹೇಳುತ್ತಿದ್ದ: ಜುಲೈ 18ರಿಂದ ಆಗಸ್ಟ್ 11ರವರೆಗೆ ಮರ್ಕ್ಯುರಿ ರೆಟ್ರೊಗ್ರೇಡ್, ಅಂದರೆ ಬುಧ ಹಿಂದಕ್ಕೆ ಚಲಿಸುವ ವಕ್ರ ಕಾಲ, ಫೋನ್ ಕೆಡುತ್ತವೆ, ಮಾತು ಕೆಡುತ್ತದೆ, ಸಂಬಂಧ ಮುರಿಯುತ್ತವೆ, ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ.

"ನೋಡಿದ್ರಾ ಭಾವ? ಫೋನ್ ಕೆಡ್ತದೆ ಅಂತ್ಲೇ ಏಳವ್ನೆ" ಅಂದ ಮಾವ. ಆಮೇಲೆ ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಉಡುಗನ ಜಾತಕದಲ್ಲೂ ಬುಧ ವಕ್ರ. ಒಳ್ಗೂ ವಕ್ರ, ಮೇಲೂ ವಕ್ರ. ಅವ್ನೇನ್ಮಾಡ್ತಾನೆ ಪಾಪ? ಅನ್ನೊಂದಕ್ಕೆ ನೇರ ಆಯ್ತದೆ. ಅವತ್ತು ಕರ್ಕಂಡೋಯ್ತಾನೆ, ಕಳ್ಸಿ."

ಆ ಹಾಳೆ ನಾನೇ ಮುದ್ರಿಸಿದ್ದು. ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೆಲಸ. ಜೆರಾಕ್ಸ್, ಅರ್ಜಿ, ಜಾತಕ. ಹುಟ್ಟಿದ ದಿನ, ಗಂಟೆ, ಊರು ಹಾಕಿದರೆ ಸಾಫ್ಟ್‌ವೇರ್ ಉಳಿದದ್ದನ್ನು ಮಾಡುತ್ತದೆ. ಮಿಥುನದ ಮನೆಯಲ್ಲಿ 'ರವಿ', ಅದರ ಕೆಳಗೆ 'ಬುಧ', ಪಕ್ಕದಲ್ಲಿ ಆವರಣದೊಳಗೆ ಚಿಕ್ಕ 'ವ'. ಮದುವೆಗೆ ಮುಂಚೆ ಅದನ್ನು ಯಾರೂ ಕೇಳಿರಲಿಲ್ಲ.

ಅಪ್ಪ ಹಾಳೆಯನ್ನು ತಿರುಗಿಸಿ ನೋಡಿದರು. "ಅಂಗಾರೆ ಅನ್ನೊಂದರ ತಂಕ ಇರ್ಲಿ" ಅಂದರು. ಅಕ್ಕ ಒಳಗಿನಿಂದ ಕೇಳಿಸಿಕೊಂಡಳು. ಅವಳಿಗೆ ಇನ್ನು ಇಪ್ಪತ್ತು ದಿನ ಉಳಿದಿತ್ತು.

ಜುಲೈ 24, ಗುರುವಾರ. ರಜೆ ಹಾಕಿ ಹನೂರಿಗೆ ಹೋದೆ. ಅಂಗಡಿಗೆ ಆಗಾಗ ಬರುವ ಒಬ್ಬರು ವಯಸ್ಸಾದ ಜೋಯಿಸರು ಅಲ್ಲಿದ್ದಾರೆ. ನಮ್ಮ ಪ್ರಿಂಟ್ ನೋಡಿ ಪ್ರತಿ ಸಲ ನಗುವವರು. ನಾನು ಹಾಳೆ ಕೊಟ್ಟು ಕೇಳಿದೆ: ಈ 'ವ' ಸರಿಯೇ?

ಅವರು ಅಟ್ಟದಿಂದ 1994ರ ಪಂಚಾಂಗ ಇಳಿಸಿ ದೂಳು ಕೊಡವಿದರು. ಭಾವ ಹುಟ್ಟಿದ್ದು ಆ ವರ್ಷದ ಜೂನ್ 20. ಬುಧನ ಕಾಲಂನಲ್ಲಿ ಬೆರಳಿಟ್ಟು ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದರ ಸಾಲು ಓದಿಸಿದರು. ಅಂಶಗಳು ಏರಬೇಕಾದಲ್ಲಿ ಇಳಿಯುತ್ತಿದ್ದವು.

"ಇಳೀತಾ ಐತಲ್ಲ, ಅದೇ ವಕ್ರ. ಸರಿಯಾಗೇ ಐತೆ" ಅಂದರು.

ಗ್ರಹ ನಿಜವಾಗಿ ಹಿಂದಕ್ಕೆ ಹೋಗುತ್ತದೆಯೇ ಎಂದೆ.

"ಕಣದ ನಡುವಿನ ಮೇಟಿ ಕಂಬದ ಸುತ್ತ ಎತ್ತು ತುಳ್ಸೋದು ನೋಡಿದ್ದೀಯಾ? ನೀನು ಕಣದ ಅಂಚಲ್ಲಿ ನಿಂತಿದ್ದೀಯ ಅಂತಿಟ್ಕೊ. ಎತ್ತು ಮೇಟಿಯಿಂದ ಆಚೆ ಇದ್ದಾಗ ಬಲದಿಂದ ಎಡಕ್ಕೆ ಓಯ್ತದೆ. ನಿನ್ನ ಮುಂದ್ಗಡೆ ಬಂದಾಗ ಎಡದಿಂದ ಬಲಕ್ಕೆ ಓಯ್ತದೆ. ಎತ್ತು ತಿರುಗಿತಾ? ಇಲ್ಲ. ಮೇಟಿ ರವಿ, ಎತ್ತು ಬುಧ. ನಮಗೂ ರವಿಗೂ ನಡುವೆ ಬಂದಾಗ ವಕ್ರ. ಅದಕ್ಕೇ ವಕ್ರ ಬುಧ ಯಾವಾಗ್ಲೂ ರವಿ ಪಕ್ಕದಲ್ಲೇ ಇರ್ತಾನೆ. ವರ್ಷಕ್ಕೆ ಮೂರು ಸಲ, ಸಲಕ್ಕೆ ಮೂರು ವಾರ."

ಆಮೇಲೆ ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ರವಿ ಚಂದ್ರರಿಗೆ ವಕ್ರವಿಲ್ಲ. ರಾಹು ಕೇತು ಸದಾ ವಕ್ರ, ಅದಕ್ಕೆ ಯಾರೂ ಹೆದರುವುದಿಲ್ಲ. ಗುರು, ಶನಿ ರವಿಗೆ ಎದುರು ಬಂದಾಗ ವಕ್ರ. ವರ್ಷದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಶನಿ ಹಾಗೇ ಇರುತ್ತಾನೆ. ಜಾತಕದಲ್ಲಿ ಗ್ರಹ ವಕ್ರವಾಗಿದ್ದರೆ ಶಾಸ್ತ್ರ ಅದಕ್ಕೆ ಚೇಷ್ಟಾಬಲ ಕೊಡುತ್ತದೆ, ಅಂದರೆ ಬಲ ಹೆಚ್ಚು. ಭಾವನ ಬುಧ ಸ್ವಂತ ಮನೆಯಾದ ಮಿಥುನದಲ್ಲಿದ್ದಾನೆ. ರವಿಗೆ ತೀರ ಹತ್ತಿರವಿರುವುದರಿಂದ ಅಸ್ತ ಎಂಬ ದೋಷ ಒಂದಿದೆ. ಇಂಥವರು ಹೇಳಿದ್ದನ್ನೇ ಮತ್ತೆ ಮತ್ತೆ ಯೋಚಿಸುತ್ತಾರೆ, ಮಾತು ತಡವಾಗುತ್ತದೆ ಎನ್ನುವವರಿದ್ದಾರೆ.

"ಎಂಡ್ತಿ ಕೈ ಮುರೀತಾನೆ ಅಂತ ನನ್ನ ಅರವತ್ತು ವರ್ಷದಲ್ಲಿ ಎಲ್ಲೂ ಓದಿಲ್ಲ ಕಣವ್ವ" ಅಂದರು.

"ಹಾಗಾದ್ರೆ ಹನ್ನೊಂದಕ್ಕೆ ನೇರ ಆಗೋದು?"

"ಅದು ಗೋಚಾರ. ಈಗ ಆಕಾಶದಲ್ಲಿ ನಡೀತಿರೋದು. ನಿಂಗೂ ನಂಗೂ ಅಗೋ ಆ ಕೋಳಿಗೂ ಒಂದೇ. ಜಾತಕ ಅಂದ್ರೆ ಹುಟ್ಟಿದ ಗಳಿಗೇಲಿ ತೆಗ್ದ ಫೋಟೊ. ಫೋಟೊದಲ್ಲಿ ಕಣ್ಮುಚ್ಚಿದ್ರೆ ಅದು ಯಾವತ್ತೂ ಮುಚ್ಚೇ ಇರ್ತದೆ. ನಿಮ್ಮ ಮಾವ ಎರಡನ್ನೂ ಕಲಸಿ ಮುದ್ದೆ ಕಟ್ಟವ್ನೆ."

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಭಾವನ ಏಟಿಗೆ ಜಾತಕದ ಬುಧ ಕಾರಣವಾದರೆ ಆಗಸ್ಟ್ 11ಕ್ಕೆ ಅದು ನಿಲ್ಲುವುದಿಲ್ಲ, ಸಾಯುವವರೆಗೂ ಇರುತ್ತದೆ. ಆಕಾಶದ ಬುಧ ಕಾರಣವಾದರೆ ಏಟುಗಳು ವಕ್ರದ ದಿನಗಳಲ್ಲೇ ಬಿದ್ದಿರಬೇಕು. ಜೋಯಿಸರ ಪಂಚಾಂಗಗಳಿಂದ ಬರೆದುಕೊಂಡಂತೆ, ಮದುವೆಯ ನಂತರ ಬುಧ ಏಳು ಸಲ ವಕ್ರನಾಗಿದ್ದಾನೆ. ಇಪ್ಪತ್ತೆರಡು ದಿನಾಂಕಗಳನ್ನು ಎದುರಿಗಿಟ್ಟೆ. ವಕ್ರದಲ್ಲಿ ನಾಲ್ಕು, ನೇರದಲ್ಲಿ ಹದಿನೆಂಟು. ಕಪಾಳಕ್ಕೆ ಹೊಡೆದು ಕಿವಿಯ ಪರದೆ ಹರಿದದ್ದು 2024ರ ಅಕ್ಟೋಬರ್. ಆ ತಿಂಗಳಿಡೀ ಬುಧ ನೇರ. ಒಟ್ಟು ದಿನಗಳಲ್ಲಿ ವಕ್ರದ ದಿನ ಐದಕ್ಕೆ ಒಂದರಷ್ಟು, ಏಟುಗಳೂ ಹೆಚ್ಚುಕಡಿಮೆ ಅಷ್ಟೇ. ಮನೆಗೆ ಬಂದು ಅಲ್ಲಿದ್ದ ಹದಿನಾಲ್ಕು ಜಾತಕಗಳನ್ನೂ ನೋಡಿದೆ. ವಕ್ರ ಬುಧನವರು ಮೂವರು: ಭಾವ, ಇರುವೆ ತುಳಿದರೂ ಬೇಜಾರು ಮಾಡಿಕೊಳ್ಳುವ ನಮ್ಮ ಚಿಕ್ಕಪ್ಪ, ಮತ್ತು ನಾನು.

ಜುಲೈ 27, ಭಾನುವಾರ, ನ್ಯಾಯ ಸೇರಿತು. ನಮ್ಮಲ್ಲಿ ಗಂಡ ಹೆಂಡಿರ ಜಗಳಕ್ಕೆ ಎರಡೂ ಕಡೆಯ ಯಜಮಾನರು ಹೆಣ್ಣಿನ ತವರಿನ ಜಗಲಿಯಲ್ಲಿ ಕೂರುತ್ತಾರೆ. ಎಲೆ ಅಡಿಕೆ ಇಟ್ಟ ಮೇಲೆ ಮಾತು. ಭಾವ ಕಂಬಕ್ಕೆ ಒರಗಿ ನಿಂತಿದ್ದರು. ಮಾವ ವಿಡಿಯೊ ಇನ್ನೊಮ್ಮೆ ಹಾಕಿದ. ಯಜಮಾನರಲ್ಲಿ ಒಬ್ಬರು, "ನಾನೂ ಟಿವೀಲಿ ನೋಡಿವ್ನಿ, ದಿಟ" ಅಂದರು.

ನಾನು ನೋಟ್‌ಬುಕ್ ತೆಗೆದು ನಿಂತು ಓದತೊಡಗಿದೆ. ದಿನಾಂಕ, ಏಟು ಬಿದ್ದ ಜಾಗ, ವಕ್ರವೋ ನೇರವೋ. ಒಂಬತ್ತನೆಯದಕ್ಕೆ ಬರುವಾಗ ಮಾವ ಎದ್ದು ನನ್ನ ಕೆನ್ನೆಗೆ ಬಾರಿಸಿದ. ತುಟಿ ಒಡೆದು ಪುಟದ ಮೇಲೆ ಎರಡು ಹನಿ ಬಿತ್ತು.

"ಮನೆ ಮಾನಾನ ಪಟ್ಟಿ ಮಾಡಿದ್ದೀಯೇನಮ್ಮಿ? ನೀನೇನ್ ಪೊಲೀಸಾ?"

ಅವ್ವ ಒಳಗಿನಿಂದ ಬಂದು ಎಲೆ ಅಡಿಕೆಯ ತಟ್ಟೆಯನ್ನು ಅವನ ಎದೆಗೆ ಎಸೆದಳು. "ನನ್ನ ಮಕ್ಕಳ ಮೈಮೇಲೆ ನಿಂದೂ ಒಂದು ಬಾಕಿ ಇತ್ತಾ, ಅಣ್ಣ?" ಅಂದಳು. ಭಾವ ನಕ್ಕರು. ಅಪ್ಪ ಮಾತ್ರ ನೆಲ ನೋಡುತ್ತಾ, "ಅನ್ನೊಂದಕ್ಕೆ ಬರ್ಲಿ, ಆಗ ನೋಡವ" ಅಂದರು. ನ್ಯಾಯ ಹಾಗೇ ಮುಗಿಯಿತು.

ಆ ಎರಡು ವಾರ ಅಕ್ಕ ಬಲಗೈಯಲ್ಲಿ ಪಾತ್ರೆ ತೊಳೆದಳು, ಸೊಪ್ಪು ಬಿಡಿಸಿದಳು. ದಿನಾ ಬೆಳಿಗ್ಗೆ "ಇನ್ನೆಷ್ಟು?" ಎಂದು ಕೇಳುತ್ತಿದ್ದಳು. ನಾನು ಸಂಖ್ಯೆ ಹೇಳುತ್ತಿದ್ದೆ. ಒಂಬತ್ತು. ಎಂಟು. ಏಳು.

ಆಗಸ್ಟ್ 11, ಸೋಮವಾರ. ಪಂಚಾಂಗದ ಪ್ರಕಾರ ಮಧ್ಯಾಹ್ನ ಒಂದರ ಸುಮಾರಿಗೆ ಬುಧ ನೇರ. ಭಾವ 2 ಗಂಟೆ 20 ನಿಮಿಷಕ್ಕೆ ಆಟೊದಲ್ಲಿ ಬಂದರು, ಜೊತೆಗೆ ಮಾವ. ಹಣ್ಣು, ಹೂವು ತಂದಿದ್ದರು. ನೀರು ಕುಡಿದು ಮೆತ್ತಗೆ, "ಎಲ್ಲ ಸರಿಯೋಯ್ತು, ನಡೀ" ಅಂದರು.

ಅಕ್ಕ ಬಾಗಿಲಲ್ಲಿ ನಿಂತು, "ನಾ ಬರಲ್ಲ" ಅಂದಳು.

"ಏನಂದೆ?"

"ಬರಲ್ಲ."

ಅವರು ಮೆಟ್ಟಿಲು ಹತ್ತಿ ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ತಿರುಚಿದರು. ಅಕ್ಕನ ಬಾಯಿಂದ ಬಂದ ಶಬ್ದವನ್ನು ನಾನು ಬರೆಯಲಾರೆ. ಕೆಳಗೆ ಎಳೆದು ಬೀಳಿಸಿ ಹೊಟ್ಟೆಗೆ ಒದ್ದರು. ಒಂದು, ಎರಡು, ಮೂರು. ನಾನು ಬೆನ್ನಿನ ಮೇಲೆ ಬಿದ್ದು ಭುಜ ಕಚ್ಚಿದೆ. ಮೊಣಕೈಯಿಂದ ಎದೆಗೆ ಹೊಡೆದು ಕೆಡವಿದರು. ನಾಲ್ಕನೆಯ ಒದೆಗೆ ಕಾಲೆತ್ತುವಾಗ ಅಪ್ಪ ಗುದ್ದಲಿಯ ಕಾವಿನಿಂದ ಅವರ ಮೊಣಕಾಲಿಗೆ ಹೊಡೆದರು. ಭಾವ ಹೂವಿನ ಪೊಟ್ಟಣದ ಮೇಲೆ ಕುಸಿದರು. ಅಪ್ಪ ಇನ್ನೂ ಎರಡು ಸಲ ಹೊಡೆದರು. ಇಷ್ಟೆಲ್ಲ ಆಗುವಾಗ ಗಡಿಯಾರ 2 ಗಂಟೆ 31 ನಿಮಿಷ ತೋರಿಸುತ್ತಿತ್ತು.

ಮಾವ ಗೋಡೆಗೆ ಅಂಟಿ ನಿಂತು ಅಪ್ಪನ ಕಡೆ ಕೈ ಚಾಚಿದ. "ಭಾವ, ತಡೀರಿ. ನೇರ ಆದ್ಮೇಲೂ ಎರಡು ವಾರ ನೆರಳು ಇರ್ತದಂತೆ. ಇಪ್ಪತ್ತೈದರ ತಂಕ. ಅದೂ ವಿಡಿಯೊದಲ್ಲಿ ಏಳವ್ರೆ" ಅಂದ.

ಅಕ್ಕ ನೆಲದ ಮೇಲಿಂದಲೇ ನನ್ನನ್ನು ಕೇಳಿದಳು: "ಅದಾದ್ಮೇಲೆ ಮುಂದಿನ ವಕ್ರ ಯಾವಾಗ?"

"ನವೆಂಬರ್ ಒಂಬತ್ತು."

"ಆಮೇಲೆ ಅದರ ನೆರಳು" ಅಂದಳು. ಬಾಯೊಳಗಿನ ರಕ್ತ ಉಗಿದಳು. "ಅಪ್ಪ, ಸ್ಟೇಷನ್ನಿಗೆ ಕರ್ಕಂಡೋಗಿ."

ಅಪ್ಪ ಕಾವು ಕೆಳಗಿಟ್ಟು ಅಂಗಿ ಹಾಕಿಕೊಂಡರು. ಮೊದಲು ಆಸ್ಪತ್ರೆ, ಆಮೇಲೆ ಠಾಣೆ. ಮುರಿದ ಮೂಳೆ ಮತ್ತೆ ಸರಿದಿತ್ತು. ಅಪ್ಪನ ಮೇಲೂ ಎದುರು ದೂರು ದಾಖಲಾಯಿತು. ನಾನು ಅವರ ಮೂರು ಏಟನ್ನೂ ಬಿಡದೆ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಇಪ್ಪತ್ತಮೂರು ದಿನಾಂಕಗಳನ್ನು ಒಂದೊಂದಾಗಿ ಕೇಳಿದರು. ಗ್ರಹ ಕೇಳಲಿಲ್ಲ. ಅಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ, ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಮೊಕದ್ದಮೆ ನಡೆಯುತ್ತಿದೆ.

ಒಂದು ವಿಷಯ ನನಗೆ ಇನ್ನೂ ಬಗೆಹರಿದಿಲ್ಲ. ಹುಟ್ಟಿನಲ್ಲೇ ಬುಧ ವಕ್ರನಾಗಿರುವವರಿಗೆ, ಆಕಾಶದಲ್ಲಿ ಅವನು ಮತ್ತೆ ವಕ್ರನಾದಾಗ ವಿಶೇಷ ಫಲ ಉಂಟೆಂದು ಹಳೆಯ ಗ್ರಂಥ ಯಾವುದಾದರೂ ಹೇಳುತ್ತದೆಯೇ? ಹನೂರಿನ ಜೋಯಿಸರು ತಾವು ಕಂಡಿಲ್ಲ ಎಂದರು. ಕಂಡವರಿದ್ದರೆ ಶ್ಲೋಕ, ಅಧ್ಯಾಯ ಸಮೇತ ಬರೆದು ತಿಳಿಸಿ. ನನ್ನಂತೆ ದಿನಾಂಕ ಬರೆದಿಟ್ಟುಕೊಂಡ ಹೆಂಗಸರಿದ್ದರೆ ಅವರೂ ಬರೆಯಲಿ.