ಕೊನೆಯ ಚರಣ ಎಲ್ಲಿ?

ಕಳವಾರ ಹಳ್ಳಿಯಿಂದ ಬೆಟ್ಟ ಹತ್ತಲು ಬರುವವರಿಗಾಗಿ ರಸ್ತೆ ಬದಿಯಲ್ಲಿ ಹೊಸದೊಂದು ಕೆಫೆ ತೆರೆದಿದ್ದಾರೆ. ಹೋದ ಭಾನುವಾರ ಅದರ ಗೋಡೆಯ ಮೇಲೊಂದು ಗಡಿಯಾರ ಕಂಡೆ. ಹಳೆಯ ಗ್ರಾಮಫೋನ್ ರೆಕಾರ್ಡಿನ ನಡುವಿನ ರಂಧ್ರ ಹಿಗ್ಗಿಸಿ, ಗಡಿಯಾರದ ಮುಳ್ಳು ಸಿಕ್ಕಿಸಿ, ಲೇಬಲ್ಲಿನ ಮೇಲೆ ಕಾಫಿ ಬೀಜದ ಸ್ಟಿಕ್ಕರ್ ಅಂಟಿಸಿದ್ದರು. ಹಾಡಿನ ಹೆಸರು, ಬರೆದವರ ಹೆಸರು ಇರುವ ಜಾಗವನ್ನೇ ಮುಚ್ಚಿದ್ದರು. ಚೆಂದ ಇದೆ ಅಲ್ವಾ ಎಂದು ಜೊತೆಗಿದ್ದವರು ಕೇಳಿದರು. ಚೆಂದವಿಲ್ಲ ಎಂದೆ. ನನಗೆ ಶಿಡ್ಲಘಟ್ಟದ ಡ್ರಾಯಿಂಗ್ ಮೇಷ್ಟ್ರು ನೆನಪಾಗಿದ್ದರು...

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ನಿವೃತ್ತರಾಗಿ ನಮ್ಮ ಹಿಂದಿನ ಬೀದಿಯಲ್ಲಿದ್ದರು. ಸಂಜೆ ತತ್ವಪದ ಕಟ್ಟಿ ಹಾಡುವುದು ಅವರ ಒಂದು ಹುಚ್ಚು. ಇನ್ನೊಂದು, ಚಿತ್ರಕಲೆ ಓದಲು ಬೆಂಗಳೂರಿಗೆ ಹೋದ ಕಾಲದಲ್ಲಿ ಫುಟ್‌ಪಾತಿನಿಂದ ಆರಿಸಿ ತಂದ ಇಂಗ್ಲಿಷ್ ರೆಕಾರ್ಡುಗಳು. ಚರ್ಚಾ ಸ್ಪರ್ಧೆಗೆ ತಯಾರಿ ಎಂಬ ನೆಪದಲ್ಲಿ ನಾನು ಅವರ ಮನೆಗೆ ಜಗಳವಾಡಲೆಂದೇ ಹೋಗುತ್ತಿದ್ದೆ. "ಬಾರಮ್ಮಾ ಲಾಯರಮ್ಮಾ, ಇವತ್ತು ಯಾರನ್ನ ಜೈಲಿಗೆ ಹಾಕ್ತೀಯ?" ಎಂದೇ ಬಾಗಿಲು ತೆಗೆಯುವರು.

ನಾನು ಜೈಲಿಗೆ ಹಾಕಬೇಕೆಂದಿದ್ದುದು ಅರವತ್ತರ ದಶಕದ ಆರಂಭದ ಇಂಗ್ಲೆಂಡಿನ ಹುಡುಗರನ್ನು. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡು ಕದ್ದು ರಾಕ್ ಸಂಗೀತದ ದೊರೆಗಳಾದ ಬಿಳಿಯರು ಎಂಬುದು ನನ್ನ ವಾದ. ಅದಕ್ಕೆ ಮೇಷ್ಟ್ರು ರೆಕಾರ್ಡ್ ಹಾಕುತ್ತಿದ್ದರು.

ಆ ಹುಡುಗರೂ ತಾನೂ ಒಂದೇ ವಯಸ್ಸಿನವರು, ಅವರಲ್ಲಿ ಎಷ್ಟೋ ಜನ ತನ್ನ ಹಾಗೆಯೇ ಚಿತ್ರಕಲಾ ಶಾಲೆಗೆ ಹೋದವರು ಎಂದು ಮೇಷ್ಟ್ರಿಗೆ ಹೆಮ್ಮೆ. ಮೊದಮೊದಲು ಆ ಹುಡುಗರ ಹತ್ತಿರ ಇದ್ದದ್ದು ಅಗ್ಗದ ಗಿಟಾರು, ತಾಳಕ್ಕೆ ಬಟ್ಟೆ ಉಜ್ಜುವ ತಗಡು, ಟೀ ಪೆಟ್ಟಿಗೆಗೆ ಕೋಲು ನೆಟ್ಟು ದಾರ ಬಿಗಿದ ಬೇಸ್ ವಾದ್ಯ. ಬ್ಲೂಸ್ ರೆಕಾರ್ಡು ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಬಂದರಿಗೆ ಬರುವ ಹಡಗಿನವರು ತರಬೇಕು, ಇಲ್ಲವೇ ಚಿಕಾಗೋಗೆ ಬರೆದು ಅಂಚೆಯಲ್ಲಿ ತರಿಸಬೇಕು. ಒಬ್ಬನ ಹತ್ತಿರ ಬಂದರೆ ಊರಿನ ಹುಡುಗರೆಲ್ಲ ಅವನ ಮನೆಯಲ್ಲಿ. ಕಲಿಸುವವರಿಲ್ಲ, ಹಾಡುವವರನ್ನು ಕಣ್ಣಾರೆ ಕಂಡವರೂ ಕಡಿಮೆ. ಬರೀ ಕಿವಿ.

"ಹೆಂಗೆ ಕಲಿತರು ನೋಡು" ಎಂದು ಒಮ್ಮೆ ಮೇಷ್ಟ್ರು ನಿಮಿಷಕ್ಕೆ ಮೂವತ್ತಮೂರು ಸುತ್ತಿನ ತಟ್ಟೆಯನ್ನು ಹದಿನಾರಕ್ಕೆ ತಿರುಗಿಸಿದರು. ವೇಗ ಅರ್ಧ. ಗಿಟಾರಿನ ಮಿಂಚು ಎತ್ತಿನ ಗಾಡಿಯಾಯಿತು, ಹಾಡುವವನ ದನಿ ಬಾವಿಯೊಳಗಿಂದ ಬಂದಂತೆ. ಆದರೆ ಅದೇ ಸ್ವರಗಳು, ಒಂದು ಸ್ಥಾಯಿ ಕೆಳಗೆ. ಆ ಹುಡುಗರು ಹೀಗೆ ನಿಧಾನ ಮಾಡಿಕೊಂಡು, ಮುಳ್ಳನ್ನು ಎತ್ತಿ ಎತ್ತಿ ಇಟ್ಟು, ಒಂದೊಂದೇ ತುಣುಕು ಹೆಕ್ಕಿದರು. ಎರಡು ಗಾಂಧಾರಗಳ ನಡುವೆ ಜಾರುವ ಬ್ಲೂಸಿನ ಆ ಸ್ವರ, ನಮ್ಮ ಗಮಕದ ಹಾಗೆ, ತಂತಿಯನ್ನು ಎಳೆದು ಬಗ್ಗಿಸಿದರೆ ಬರುತ್ತದೆ. ಅವರಿಗೆ ಸಿಗುತ್ತಿದ್ದ ತಂತಿ ದಪ್ಪ, ಬಗ್ಗದು. ಕೆಲವರು ಬ್ಯಾಂಜೋದ ತೆಳು ತಂತಿ ತಂದು ಹಾಕಿದರು. ಪುಟ್ಟ ಆಂಪ್ಲಿಫೈಯರನ್ನು ಪೂರ್ತಿ ಜೋರು ಮಾಡಿದಾಗ ದನಿ ಹರಿದುಹೋಯಿತು. ಆ ಹರಕನ್ನೇ ಇಟ್ಟುಕೊಂಡರು. ಆ ಹಾಡುಗಳ ಹೊಲ, ರೈಲು, ಧಣಿಗಳ ಕಾಟ ಯಾವುದೂ ಗೊತ್ತಿಲ್ಲದ ಎಳೆಯರು ಅರ್ಧ ತಿಳಿದ ಪದಗಳನ್ನು ಹಾಡಿದರು, ಲಯವನ್ನು ಓಡಿಸಿದರು, ನಡುವಿನ ಗಿಟಾರನ್ನು ಉದ್ದುದ್ದ ಎಳೆದರು.

"ಹಾಗಾದ್ರೆ ಕದ್ದಿದ್ದೇ ತಾನೇ?"

"ಕಾದಮ್ಮಾ, ಹಾಗಲ್ಲ! ಅರ್ಧ ಕದ್ದಿದ್ದು, ಇನ್ನರ್ಧ ತಪ್ಪು ಕೇಳಿಸ್ಕೊಂಡಿದ್ದು. ನೆಟ್ಟಗೆ ಕದ್ದಿದ್ರೆ ಹೊಸದೇನೂ ಹುಟ್ತಿರ್ಲಿಲ್ಲ ಕಣಮ್ಮ."

ಆಮೇಲೆ ಆ ಹುಡುಗರು ಅಮೆರಿಕಕ್ಕೆ ಹೋದರು. ಅಲ್ಲಿನ ಬಿಳಿಯರ ಮಕ್ಕಳು ಹುಚ್ಚೆದ್ದು ತಮ್ಮ ಕಾರ್ ಶೆಡ್ಡುಗಳಲ್ಲಿ ತಂಡ ಕಟ್ಟಿದರು. ಅವರು ಇಂಗ್ಲೆಂಡಿನದೆಂದು ನಂಬಿ ನುಡಿಸಿದ್ದು ತಮ್ಮದೇ ಊರಿನ ಆಚೆ ಬೀದಿಯ ಸಂಗೀತ. ಕಪ್ಪು ಜನರ ಕೇರಿ ಬೇರೆ, ರೇಡಿಯೋ ಬೇರೆ, ಕಿವಿಯೂ ಬೇರೆ ಆಗಿತ್ತಲ್ಲ! ನಮ್ಮ ದೇಶದಲ್ಲಿ ಯಾರನ್ನು ನೋಡುವ ಆಸೆ ಎಂದು ಪತ್ರಕರ್ತರು ಕೇಳಿದಾಗ ಇಂಗ್ಲೆಂಡಿನ ಹುಡುಗರು ಬ್ಲೂಸ್ ಹಾಡುಗಾರರ ಹೆಸರು ಹೇಳಿದರೆ, ಕೇಳಿದವರಿಗೆ ಅವರು ಯಾರೆಂದೇ ತಿಳಿಯದು. ಹೀಗೆ ಸಮುದ್ರ ಸುತ್ತಿ ಬಂದ ಮೇಲೆ ಕೆಲವು ಹಿರಿಯ ಹಾಡುಗಾರರಿಗೆ ಹೊಸ ಸಭೆಗಳು ಸಿಕ್ಕವು. ಎಲ್ಲರಿಗೂ ಅಲ್ಲ.

ಎಲ್ಲರಿಗೂ ಏಕಿಲ್ಲ ಎಂಬುದಕ್ಕೂ ಮೇಷ್ಟ್ರ ಹತ್ತಿರ ಎರಡು ಲೇಬಲ್ಲುಗಳಿದ್ದವು. ಒಂದರಲ್ಲಿ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಚಿಕಾಗೋದ ಕವಿಯ ಹೆಸರು. ಇನ್ನೊಂದರಲ್ಲಿ 'ಸಾಂಪ್ರದಾಯಿಕ' ಎಂದು ಬರೆದು ಪಕ್ಕದಲ್ಲಿ ತಂಡದವರ ಹೆಸರು. "ಇದು ಅಂಕಿತ ಕಣಮ್ಮ. ಇಲ್ಲಿ ಇದೆ. ಇಲ್ಲಿ ಅಳಿಸವ್ರೆ" ಎಂದರು. ನಗುತ್ತಿರಲಿಲ್ಲ. "ನಮ್ಮೋರೇ ಬುದ್ಧಿವಂತರು. ಅಂಕಿತಾನ ಹಾಡೊಳಗೇ ಹೊಲಿದುಬಿಟ್ರು. ಹಾಡು ಕದ್ರೆ ಹೆಸರೂ ಜೊತೇಲೇ ಹೋಗುತ್ತೆ."

ಆ ನಂಬಿಕೆ ಮೂರು ವರ್ಷದ ಹಿಂದೆ ಮುರಿಯಿತು.

ಗೌರಿಬಿದನೂರಿನ ಕಾಲೇಜು ಹುಡುಗರ ತಂಡವೊಂದು ಗಿಟಾರು, ಡ್ರಮ್ಮು ಹಾಕಿ ಮೇಷ್ಟ್ರ ತತ್ವಪದವೊಂದನ್ನು ಹಾಡಿ ರೀಲ್ಸ್ ಮಾಡಿತ್ತು. ಅದು ಜಿಲ್ಲೆಯನ್ನೆಲ್ಲ ಸುತ್ತಿತು. ನಾನೇ ಅದನ್ನು ಅವರಿಗೆ ಕೇಳಿಸಿದೆ. ಎರಡನೇ ಸಾಲಿನಲ್ಲಿ ಹುಡುಗ ಒಂದು ಸ್ವರ ತಪ್ಪಿ ಕೆಳಗಿಳಿದ. ಮೇಷ್ಟ್ರು ತೊಡೆ ತಟ್ಟಿದರು. "ಅಬ್ಬಾ, ತಪ್ಪು ಕೇಳಿಸ್ಕೊಂಡವ್ನೆ! ನಂದಕ್ಕಿಂತ ಚೆನ್ನಾಗಿದೆ!" ಆಮೇಲೆ ಹಾಡು ನಿಂತಿತು. ಅವರ ಕೈ ತಾಳ ಹಾಕುತ್ತಲೇ ಇತ್ತು.

"ಕೊನೇ ಚರಣ ಎಲ್ಲಮ್ಮಾ?"

ಇರಲಿಲ್ಲ. ಅಂಕಿತ ಇರುವುದು ಕೊನೆಯ ಚರಣದಲ್ಲಿ, ರೀಲ್ಸಿನಲ್ಲಿ ಕತ್ತರಿ ಬೀಳುವುದೂ ಅಲ್ಲಿಯೇ. ಕೆಳಗೆ 'ಸಾಹಿತ್ಯ: ಜಾನಪದ' ಎಂದು ಹಾಕಿದ್ದರು.

ನಾನು ಆ ಗಾಯಕನಿಗೆ ಫೋನ್ ಮಾಡಿ ಕೂಗಾಡಿದೆ. "ಅಕ್ಕಾ, ನಮ್ಮಜ್ಜಿ ಹಾಡ್ತಿದ್ರು. ಹಳೇದು ಅನ್ಕೊಂಡ್ವಿ. ಪೂರ್ತಿ ಹಾಕಿದ್ರೆ ಯಾರು ನೋಡ್ತಾರೆ ಹೇಳಿ?" ಎಂದ. ಬರೆದವರು ಬದುಕಿದ್ದಾರೆ ಕಣೋ, ಬಂದು ನೋಡು ಎಂದೆ. ಬರ್ತೀವಿ ಅಕ್ಕ ಎಂದ. ದೂರು ಕೊಡೋಣ ಎಂದರೆ ಮೇಷ್ಟ್ರು ಒಪ್ಪಲಿಲ್ಲ. "ಮಕ್ಕಳು ಕಣಮ್ಮ. ನೀನು ಬೈಬೇಡ. ಆ ಚರಣ ಒಂದು ಸೇರಿಸ್ಲಿ, ಸಾಕು." ಅವರ ಮೇಲೂ ಸಿಟ್ಟು ಬಂತು. ಅಂಕಿತ ಅಳಿಸಿದ ಲೇಬಲ್ ತೋರಿಸಿ ನನಗೆ ಸಿಟ್ಟು ಕಲಿಸಿದವರು ತಮ್ಮ ಪಾಲಿಗೆ ಬಂದಾಗ ಹೀಗೆ ಮೆತ್ತಗಾಗುವುದೇ?

ಹುಡುಗರು ಬರಲಿಲ್ಲ. ನಾನು ಹೋದಾಗಲೆಲ್ಲ ಮೇಷ್ಟ್ರು ಕೇಳುತ್ತಿದ್ದದ್ದು ಒಂದೇ, "ಸೇರಿಸಿದ್ರಾ?" ಚಳಿಗಾಲದಲ್ಲಿ ಮಲಗಿದವರು ಮತ್ತೆ ಏಳಲಿಲ್ಲ.

ಅವರು ಪಾಠ ಮಾಡಿದ ಶಾಲೆಯಲ್ಲೇ ಶ್ರದ್ಧಾಂಜಲಿ ಸಭೆ. ಸಂಗೀತಪ್ರೇಮಿಯಾಗಿದ್ದರೆಂದು ಯಾರೋ ಅದೇ ತಂಡವನ್ನು ಕರೆಸಿದ್ದರು. ನಿರೂಪಕಿ ಮೈಕಿನಲ್ಲಿ, "ಈಗ ಅಗಲಿದ ಗುರುಗಳಿಗೆ ನಮನವಾಗಿ ಒಂದು ಜಾನಪದ ಗೀತೆ" ಎಂದರು. ಫೋಟೋಕ್ಕೆ ಹಾರ ಹಾಕಿ, ಅದರ ಮುಂದೆಯೇ ಅವರ ಹಾಡನ್ನು ಅನಾಥ ಮಾಡಿದರು. ಹಾಡು ಮುಗಿದೊಡನೆ ನಾನು ವೇದಿಕೆಗೆ ಹೋಗಿ ಮೈಕ್ ಕಿತ್ತುಕೊಂಡೆ. ಇನ್ನೂ ಮುಗಿದಿಲ್ಲ, ಇದಕ್ಕೊಂದು ಚರಣ ಇದೆ ಎಂದೆ. ನನಗೆ ಹಾಡಲು ಬಾರದು, ಓದಿದಂತೆ ಹೇಳಿದೆ. ಸಭೆಯಲ್ಲಿ ಕೆಮ್ಮು, ಪಿಸುಮಾತು. ಆ ಗಾಯಕ ಮಾತ್ರ ತಲೆ ತಗ್ಗಿಸಿ, "ಅಕ್ಕಾ, ಇನ್ನೊಂದ್ಸಲ ಹೇಳಿ" ಎಂದ. ಹೇಳಿದೆ. ಅವನು ಗಿಟಾರಿನಲ್ಲಿ ಹುಡುಕಿ ನೋಡಿದ. ಆ ಚರಣಕ್ಕೆ ಮೇಷ್ಟ್ರು ರಾಗ ತಿರುಗಿಸುತ್ತಿದ್ದರು. ಎತ್ತ ತಿರುಗಿಸುತ್ತಿದ್ದರು ಎಂದು ನನಗೆ ಹೇಳಲಾಗಲಿಲ್ಲ. ಅವರು ಹಾಡಿದ್ದನ್ನು ನಾವು ಯಾರೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ... ನಿಧಾನ ಮಾಡಿ ಕೇಳಲು ತಟ್ಟೆಯೇ ಇಲ್ಲ.

ರೀಲ್ಸ್ ಇವತ್ತಿಗೂ ಓಡುತ್ತಿದೆ, ಚರಣವಿಲ್ಲದೆ. ಕೆಳಗೆ ನಾನು ಬರೆದರೆ, ಜಾನಪದಕ್ಕೆ ಓನರ್ ಇರಲ್ಲ ಮೇಡಂ ಎಂದು ಯಾರ್‍ಯಾರೋ ಬುದ್ಧಿ ಹೇಳುತ್ತಾರೆ. ಅವರೊಡನೆ ವಾದ ಮಾಡುವುದನ್ನು ಬಿಟ್ಟಿಲ್ಲ. ಮೇಷ್ಟ್ರು ತಮ್ಮ ಹೆಸರು ಹಾಕಿ ಎಂದು ಕೇಳಿರಲಿಲ್ಲ, ಚರಣ ಸೇರಿಸಿ ಎಂದಿದ್ದರು. ಆದ್ದರಿಂದ ಇಲ್ಲಿ ಅದನ್ನೇ ಬರೆಯುತ್ತೇನೆ. ರಾಗ ಅವರೊಂದಿಗೇ ಹೋಯಿತು.

ಬರೆದದ್ದು ಅಳಿಸೀತು, ಅಳಿಸಿದ್ದು ಉಳಿದೀತು
ಬರೆವ ಕೈ ಯಾರದೆಂದು ಕೇಳಬ್ಯಾಡ
ಒರೆಸಿಟ್ಟ ಕರಿಯ ಹಲಗೆ ಮುಂದೆ ನಿಂತೀನಿ
ಖಾಲಿಹಲಗೆ ಗುರುವೇ, ನನ್ನ ಮರಿಬ್ಯಾಡ